ಮೊದಲು ಪೂರ್ಣವಿರಾಮ, ಆಮೇಲೆ ಕಾಗುಣಿತ

ಪ್ರಶ್ನೆ: ಸಿಟ್ಟಲ್ಲಿ ಫೋನಲ್ಲೇ ಟೈಪ್ ಮಾಡಿದ್ದು ಇದು. ಕಂಪನಿಗೆ ಇಮೇಲ್ ಕಳಿಸೋ ಹಾಗೆ ಇದನ್ನ ಸರಿ ಮಾಡೋದು ಹೇಗೆ?

"ಸರ್ ನಮಸ್ತೆ ನಾನು ಹೋದ್ ತಿಂಗ್ಳು ಫ್ರಿಡ್ಜ್ ತಗೊಂಡಿದ್ದು ಒಂದ್ ವಾರ ಚೆನಾಗಿತ್ತು ಆಮೇಲೆ ಕೆಳಗೆ ಕೂಲ್ ಆಗ್ತಿಲ್ಲ ಮೇಲೆ ಐಸ್ ಆಗುತ್ತೆ ಕಾಲ್ ಮಾಡುದ್ರೆ ನಾಳೆ ಬರ್ತಾರೆ ಅಂದ್ರು ಬರ್ಲಿಲ್ಲ ಮತ್ತೆ ಮಾಡ್ದೆ ಸೋಮವಾರ ಬಂದು ನೋಡಿ ಫ್ಯಾನ್ ಹೋಗಿದೆ ಪಾರ್ಟ್ ತರಿಸ್ಬೇಕು ಅಂತ ಹೇಳಿ ಹೋದ್ರು ಅದಾದ್ಮೇಲೆ ಫೋನೇ ಎತ್ತಲ್ಲ ನಿನ್ನೆ ಮೆಸೇಜ್ ಬಂತು ಕಂಪ್ಲೇಂಟ್ ಕ್ಲೋಸ್ ಅಂತ ರಿಪೇರಿನೇ ಆಗಿಲ್ಲ ಹೆಂಗ್ ಕ್ಲೋಸ್ ಮಾಡುದ್ರಿ ಹಾಲೆಲ್ಲ ಒಡೆದು ಹೋಗ್ತಿದೆ ಮನೇಲಿ ವಯಸ್ಸಾದೋರು ಇದಾರೆ ಇನ್ಸುಲಿನ್ ಇಡ್ಬೇಕು ಇದೇನಾ ನಿಮ್ ಸರ್ವಿಸ್ ಪ್ಲೀಸ್ ಬೇಗ ಏನಾದ್ರೂ ಮಾಡಿ!!!!!"

ಉತ್ತರ: ಕಾಗುಣಿತ ತಿದ್ದೋಕೆ ಈಗಲೇ ಕೂರಬೇಡಿ. ಮೊದಲು ವಾಕ್ಯ ಒಡೆಯಬೇಕು. ಮೆಸೇಜನ್ನು ಕಾಪಿ ಮಾಡಿ ಫೋನಿನ ನೋಟ್ಸ್‌ಗೆ ಹಾಕಿಕೊಳ್ಳಿ. ಇಮೇಲ್‌ನಲ್ಲೇ ತಿದ್ದುತ್ತಾ ಕೂತರೆ ಅರ್ಧದಲ್ಲೇ ಕೈತಪ್ಪಿ ಹೋಗಿಬಿಡಬಹುದು. ಒಂದೊಂದು ಸಂಗತಿ ಮುಗಿದ ಕಡೆಯೂ ಪೂರ್ಣವಿರಾಮ ಇಟ್ಟು ಹೊಸ ಸಾಲಿಗೆ ಬನ್ನಿ. ನಿಮ್ಮ ಮೊದಲ ಸಾಲೇ ನೋಡಿ. "ತಗೊಂಡಿದ್ದು" ಅನ್ನುವಲ್ಲಿ ವಾಕ್ಯ ಮುಗಿದಿಲ್ಲ, ಮುಂದಿನದಕ್ಕೆ ಅಂಟಿಕೊಂಡಿದೆ. "ಫ್ರಿಡ್ಜ್ ಖರೀದಿಸಿದೆ" ಅಂತ ಮುಗಿಸಿ. "ಒಂದು ವಾರ ಸರಿಯಾಗಿತ್ತು" ಅನ್ನುವುದು ಬೇರೆ ವಾಕ್ಯ.

ಹೀಗೆ ಒಡೆದ ಮೇಲೆ ಪ್ರತಿ ಸಾಲಿಗೂ ಒಂದು ಪ್ರಶ್ನೆ ಕೇಳಿ: ಯಾರು? ಕನ್ನಡದಲ್ಲಿ ಮಾತಾಡುವಾಗ ಯಾರು ಅಂತ ಹೇಳದೇ ಕ್ರಿಯಾಪದದಲ್ಲೇ ಮುಗಿಸುತ್ತೇವೆ, ಎದುರಿಗಿದ್ದವರಿಗೆ ಅರ್ಥವಾಗುತ್ತದೆ. ಬರಹದಲ್ಲಿ ಅದು ನಡೆಯುವುದಿಲ್ಲ. "ನಾಳೆ ಬರ್ತಾರೆ ಅಂದ್ರು" ಅಂದವರು ಕಸ್ಟಮರ್ ಕೇರ್‌ನವರು. "ನೋಡಿ ಹೋದ್ರು" ಅಂದರೆ ಟೆಕ್ನಿಷಿಯನ್. "ಫೋನೇ ಎತ್ತಲ್ಲ" ಅನ್ನುವುದು ಯಾರ ಬಗ್ಗೆ? ಇದು ಸಣ್ಣ ವಿಷಯ ಅಲ್ಲ. ನೀವು ಟೆಕ್ನಿಷಿಯನ್‌ನ ಮೊಬೈಲಿಗೆ ಮಾಡಿದ್ದರೆ, "ನಮಗೆ ಕರೆಯೇ ಬಂದಿಲ್ಲ" ಅಂತ ಕಂಪನಿ ಹೇಳಬಹುದು. ಯಾವ ನಂಬರಿಗೆ ಮಾಡಿದ್ದು ಅಂತ ಬರೆದರೆ ಆ ದಾರಿ ಮುಚ್ಚುತ್ತದೆ.

ಇಲ್ಲೇ ಇನ್ನೊಂದು ತಪ್ಪು ನುಸುಳುತ್ತದೆ. ಸಾಲುಗಳನ್ನು ಜೋಡಿಸುವಾಗ "ಎರಡು ಸಲ ಫೋನ್ ಮಾಡಿ ಸೋಮವಾರ ಬಂದರು" ಅಂತ ಬರೆದರೆ, ಫೋನ್ ಮಾಡಿದ್ದೂ ಅವರೇ ಅಂತ ಆಗುತ್ತದೆ. ಸಾಮಾನ್ಯವಾಗಿ "ಮಾಡಿ", "ಹೇಳಿ", "ನೋಡಿ" ಅಂತ ಪೋಣಿಸಿದಾಗ ಕೊನೆಯ ಕ್ರಿಯಾಪದ ಯಾರದ್ದೋ ಹಿಂದಿನವೂ ಅವರದ್ದೇ. ಮಾಡಿದವರು ಬೇರೆಯಾದರೆ "ನಾನು ಎರಡು ಸಲ ಫೋನ್ ಮಾಡಿದ ಮೇಲೆ ಟೆಕ್ನಿಷಿಯನ್ ಬಂದರು" ಅನ್ನಬೇಕು.

ಎರಡನೇ ಪ್ರಶ್ನೆ: ಯಾವಾಗ? ನಿಮ್ಮ ಮೆಸೇಜಿನಲ್ಲಿ ಹೋದ ತಿಂಗಳು, ನಾಳೆ, ಸೋಮವಾರ, ನಿನ್ನೆ ಎಲ್ಲಾ ಇವೆ, ತಾರೀಕು ಒಂದೂ ಇಲ್ಲ. ಇಮೇಲನ್ನು ಅವರು ಯಾವ ದಿನ ಓದುತ್ತಾರೋ ಗೊತ್ತಿಲ್ಲ, ಅವರ "ನಿನ್ನೆ" ಬೇರೆ ಇರುತ್ತದೆ. ಖರೀದಿ ತಾರೀಕು ಬಿಲ್ಲಿನಲ್ಲಿದೆ. ಕರೆ ಮಾಡಿದ ದಿನ ಕಾಲ್ ಲಾಗ್‌ನಲ್ಲಿ ಸಿಗುತ್ತದೆ. ದೂರು ಕ್ಲೋಸ್ ಆದ ಮೆಸೇಜಿನಲ್ಲಿ ತಾರೀಕಿನ ಜೊತೆಗೆ ಬಹುಶಃ ದೂರಿನ ಸಂಖ್ಯೆಯೂ ಇರುತ್ತದೆ. ನೆನಪಿನಿಂದ ಬರೆಯಬೇಡಿ, ತೆಗೆದು ನೋಡಿ. "ನಾಳೆ ಬರ್ತಾರೆ ಅಂದ್ರು" ಅನ್ನುವುದು ಇಮೇಲ್‌ನಲ್ಲಿ "ಮರುದಿನ ಬರುತ್ತಾರೆ ಎಂದರು" ಆಗುತ್ತದೆ.

ಈಗ ಕಾಗುಣಿತ. ತಗೊಂಡೆ, ಬರ್ಲಿಲ್ಲ, ಮಾಡುದ್ರಿ ಇವನ್ನು ಖರೀದಿಸಿದೆ, ಬರಲಿಲ್ಲ, ಮಾಡಿದಿರಿ ಅಂತ ಬಿಡಿಸಿ ಬರೆಯಿರಿ. ಆದರೆ ಫ್ರಿಡ್ಜನ್ನು ಶೈತ್ಯಕ ಮಾಡೋದು ಬೇಡ. ಓದುವವರು ಒಂದು ಕ್ಷಣ ತಡವರಿಸಿದರೂ ನಷ್ಟ ನಿಮಗೇ. "ಕ್ಲೋಸ್" ಕೂಡ ಹಾಗೇ ಇರಲಿ, ಅವರ ಮೆಸೇಜಿನ ಪದವೇ ಅದು. ಫೋನಿನಲ್ಲಿ ಟೈಪ್ ಮಾಡುವಾಗ ಕಾಡುವ ಒಂದು ತೊಂದರೆ ಇದೆ: "ಫ್ರಿಡ್ಜ್" ಆದ ಕೂಡಲೇ "ನಲ್ಲಿ" ಟೈಪ್ ಮಾಡಿದರೆ "ನ" ಒತ್ತಕ್ಷರವಾಗಿ ಕೆಳಗಿಳಿದು "ಫ್ರಿಡ್ಜ್ನಲ್ಲಿ" ಅಂತ ಮುದ್ದೆಯಾಗುತ್ತದೆ. ಅದನ್ನು ಬಿಡಿಸುವ ಕೀ ನಿಮ್ಮ ಕೀಬೋರ್ಡಿನಲ್ಲಿ ಸಿಗದಿದ್ದರೆ "ಫ್ರಿಡ್ಜಿನಲ್ಲಿ" ಅಂತ ಬರೆಯಿರಿ. ಅದೂ ಸರಿಯಾದ ರೂಪವೇ.

ಪ್ಯಾರಾ ಮಾಡುವಾಗ ಮಾತ್ರ ನಡೆದ ಕ್ರಮವನ್ನು ಮುರಿಯಬೇಕು. ನಿಮ್ಮ ದೂರಿನ ಜೀವಾಳ "ರಿಪೇರಿ ಆಗದೇ ಕ್ಲೋಸ್ ಮಾಡಿದ್ದಾರೆ" ಅನ್ನುವುದು. ಅದು ಮೆಸೇಜಿನ ನಡುವೆ ಹೂತುಹೋಗಿದೆ. ಅದನ್ನು ಎತ್ತಿ ಮೊದಲ ಪ್ಯಾರಾಕ್ಕೆ ತನ್ನಿ. ಎರಡನೆಯದರಲ್ಲಿ ನಡೆದದ್ದು, ಮೂರನೆಯದರಲ್ಲಿ ನಿಮಗೆ ಏನು ಬೇಕು ಅನ್ನುವುದು. "ಏನಾದ್ರೂ ಮಾಡಿ" ಅಂದರೆ "ತೊಂದರೆಗೆ ವಿಷಾದಿಸುತ್ತೇವೆ" ಅಂತ ಒಂದು ಉತ್ತರ ಬಂದು ನಿಲ್ಲುತ್ತದೆ. ಅವರೂ ಏನಾದರೂ ಮಾಡಿದ ಹಾಗೆ ಆಯಿತಲ್ವಾ!

"ಇದೇನಾ ನಿಮ್ ಸರ್ವಿಸ್" ತೆಗೆದುಬಿಡಿ, ಅದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. "ಹೆಂಗ್ ಕ್ಲೋಸ್ ಮಾಡುದ್ರಿ" ಮಾತ್ರ ಬಿಡಬೇಡಿ. ಅದು ಸಿಟ್ಟಿನಲ್ಲಿ ಬಂದಿದ್ದರೂ ಉತ್ತರ ಕೊಡಲೇಬೇಕಾದ ಪ್ರಶ್ನೆ. ಹಾಲಿನ ಮಾತು ಬಿಟ್ಟರೂ ನಡೆಯುತ್ತದೆ. ಇನ್ಸುಲಿನ್ ಉಳಿಯಬೇಕು, ತುರ್ತು ಯಾಕೆ ಅನ್ನುವುದನ್ನು ಅದೊಂದೇ ಹೇಳುತ್ತದೆ. (ಅಂದ ಹಾಗೆ, ಮೇಲೆ ಐಸ್ ಆಗುತ್ತಿದೆ ಅಂತ ಇನ್ಸುಲಿನ್ನನ್ನು ಫ್ರೀಜರಿನಲ್ಲಿ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದರೆ ಅದನ್ನು ಬಳಸುವಂತಿಲ್ಲ.)

ಕೊನೆಗೆ ಇಮೇಲ್ ಹೀಗಾಗುತ್ತದೆ. ತಾರೀಕುಗಳನ್ನು ಮಾದರಿಗೆ ಹಾಕಿದ್ದೇನೆ, ನಿಮ್ಮವನ್ನು ತುಂಬಿಕೊಳ್ಳಿ.

> ವಿಷಯ: ಫ್ರಿಡ್ಜ್ ರಿಪೇರಿ ಆಗದೇ ದೂರು ಕ್ಲೋಸ್ ಆಗಿದೆ – ದೂರು ಸಂಖ್ಯೆ ____
>
> ನಮಸ್ಕಾರ,
>
> ನನ್ನ ಫ್ರಿಡ್ಜ್ (ಮಾಡೆಲ್ ____) ಇನ್ನೂ ರಿಪೇರಿ ಆಗಿಲ್ಲ. ಆದರೂ ದೂರು ಕ್ಲೋಸ್ ಆಗಿದೆ ಎಂದು ಜೂನ್ 9ರಂದು ನಿಮ್ಮಿಂದ ಮೆಸೇಜ್ ಬಂದಿದೆ. ದಯವಿಟ್ಟು ದೂರನ್ನು ಮತ್ತೆ ತೆರೆಯಿರಿ.
>
> ಫ್ರಿಡ್ಜನ್ನು ಮೇ 20ರಂದು ಖರೀದಿಸಿದೆ. ಒಂದು ವಾರದ ನಂತರ ಕೆಳಭಾಗ ತಣ್ಣಗಾಗುವುದು ನಿಂತಿತು. ಫ್ರೀಜರಿನಲ್ಲಿ ಮಾತ್ರ ಐಸ್ ಆಗುತ್ತಿದೆ. ಮೇ 28ರಂದು ಕಸ್ಟಮರ್ ಕೇರ್‌ಗೆ ಕರೆ ಮಾಡಿದಾಗ, ಮರುದಿನ ಟೆಕ್ನಿಷಿಯನ್ ಬರುತ್ತಾರೆ ಎಂದರು. ಯಾರೂ ಬರಲಿಲ್ಲ. ಮೇ 31ರಂದು ಮತ್ತೆ ಕರೆ ಮಾಡಿದೆ. ಜೂನ್ 2ರಂದು ಬಂದ ಟೆಕ್ನಿಷಿಯನ್, ಫ್ಯಾನ್ ಕೆಟ್ಟಿದೆ, ಬಿಡಿಭಾಗ ತರಿಸಬೇಕು ಎಂದು ಹೇಳಿ ಹೋದರು. ಆಮೇಲೆ ಅವರ ಮೊಬೈಲಿಗೆ ಜೂನ್ 5 ಮತ್ತು 7ರಂದು ಕರೆ ಮಾಡಿದೆ. ಅವರು ಎತ್ತಲಿಲ್ಲ.
>
> ಜೂನ್ 17ರೊಳಗೆ ಫ್ಯಾನ್ ಬದಲಿಸಿ ಕೊಡಿ. ಯಾರ ವರದಿಯ ಮೇಲೆ ದೂರನ್ನು ಕ್ಲೋಸ್ ಮಾಡಲಾಯಿತು ಎಂಬುದನ್ನೂ ತಿಳಿಸಿ. ಮನೆಯ ಹಿರಿಯರೊಬ್ಬರ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕಾಗಿರುವುದರಿಂದ ಇದು ತುರ್ತು.
>
> ಬಿಲ್ ಮತ್ತು ನಿಮ್ಮ ಮೆಸೇಜಿನ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.
>
> (ಹೆಸರು, ಫೋನ್, ವಿಳಾಸ)

ಕಳಿಸುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿ. ಕೀಬೋರ್ಡ್ ತಾನಾಗಿ ಬದಲಿಸಿಟ್ಟ ಪದ ಕಣ್ಣಿಗೆ ತಪ್ಪಿದರೂ ಕಿವಿಗೆ ಸಿಗುತ್ತದೆ. ಹೇಳಿದ ದಿನದೊಳಗೆ ಉತ್ತರ ಬರದಿದ್ದರೆ ಹೊಸ ಇಮೇಲ್ ಶುರು ಮಾಡಬೇಡಿ. ನೀವು ಕಳಿಸಿದ ಇದೇ ಇಮೇಲ್ ತೆರೆದು, ಅದರಲ್ಲೇ ರಿಪ್ಲೈ ಮಾಡಿ ಎರಡು ಸಾಲು ಸೇರಿಸಿ. ಹಿಂದಿನದೆಲ್ಲ ತಾರೀಕಿನ ಸಮೇತ ಅವರ ಕಣ್ಣೆದುರೇ ಇರುತ್ತದೆ.