ಅಪ್ಪ-ಅಮ್ಮನ ಮದುವೆಯ ದಿನಕ್ಕೆ ಮಕ್ಕಳು ಬರೆಯುವ ನಾಲ್ಕು ಮಾತು

ಪ್ರಶ್ನೆ: ಬರುವ ತಿಂಗಳು ನಮ್ಮ ಅಪ್ಪ-ಅಮ್ಮನ ಮದುವೆಗೆ 35 ವರ್ಷ. ಅಪ್ಪ ಉಡುಪಿ-ಮಂಗಳೂರು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು, ಅಮ್ಮ ಮನೆಯಲ್ಲೇ ಬೀಡಿ ಕಟ್ಟುತ್ತಿದ್ದಳು. ನಾವು ಮೂವರು ಮಕ್ಕಳು ಮೂರು ಊರಿನಲ್ಲಿದ್ದೇವೆ. ನೆಟ್ಟಿನಲ್ಲಿ ಸಿಗುವ ಶುಭಾಶಯಗಳೆಲ್ಲ ಒಂದೇ ತರ ಇವೆ. ನಮ್ಮ ಮನೆಯದೇ ಅನ್ನಿಸುವ ಹಾಗೆ ಹೇಗೆ ಬರೆಯೋದು? ಅಮ್ಮನಿಗೆ ‘ನೀನು’, ಅಪ್ಪನಿಗೆ ‘ನೀವು’ ಅಂತೀವಿ, ಒಂದೇ ಪತ್ರದಲ್ಲಿ ಅದನ್ನು ಹೇಗೆ ಹೊಂದಿಸೋದು?

ಉತ್ತರ: ಉಡುಪಿಯ ಮುದ್ರಣಾಲಯವೊಂದರಲ್ಲಿ ಆಮಂತ್ರಣ, ಅಭಿನಂದನ ಪತ್ರಗಳ ಬರಹ ತಿದ್ದುವುದು ನನ್ನ ಕೆಲಸ. ಮಕ್ಕಳು ಬರೆದು ತರುವ ಇಂಥ ಪತ್ರಗಳಲ್ಲಿ ಹೆಚ್ಚಾಗಿ ಕಾಣುವ ಕೊರತೆ ಒಂದೇ: ಅಮ್ಮನ ತ್ಯಾಗದ ಬಗ್ಗೆ ಒಂದು ಪ್ಯಾರಾ, ಅಪ್ಪನ ದುಡಿಮೆಯ ಬಗ್ಗೆ ಒಂದು ಪ್ಯಾರಾ ಇರುತ್ತದೆ, ಅವರಿಬ್ಬರ ನಡುವೆ ಏನಿತ್ತು ಎನ್ನುವುದೇ ಇರುವುದಿಲ್ಲ. ನೆನೆಯಬೇಕಾದದ್ದು ಮದುವೆಯನ್ನು. ಹಾಗಾಗಿ ಇಬ್ಬರೂ ಒಟ್ಟಿಗೆ ಇರುವ, ಒಬ್ಬರು ಇನ್ನೊಬ್ಬರಿಗಾಗಿ ಏನೋ ಮಾಡುತ್ತಿರುವ ಒಂದು ನೋಟ ಸಿಕ್ಕರೆ ಮುಕ್ಕಾಲು ಪತ್ರ ಆದ ಹಾಗೆ.

ಅದನ್ನು ಹುಡುಕಲು ಮೂವರೂ ಬೇರೆ ಬೇರೆಯಾಗಿ ಮೂರು ಮೂರು ನೆನಪು ಬರೆಯಿರಿ, ಒಂದೊಂದಕ್ಕೆ ಎರಡು ಸಾಲು ಸಾಕು. ಬರೆದು ಮುಗಿಯುವವರೆಗೆ ಒಬ್ಬರದು ಒಬ್ಬರಿಗೆ ತೋರಿಸಬೇಡಿ. ತೋರಿಸಿದರೆ ದೊಡ್ಡವರ ನೆನಪನ್ನೇ ಉಳಿದವರೂ ಹಿಂಬಾಲಿಸುತ್ತಾರೆ, ಕಿರಿಯರು ಕಂಡದ್ದು ಹೊರಗೆ ಬರುವುದೇ ಇಲ್ಲ. ಆಮೇಲೆ ಒಂಬತ್ತನ್ನೂ ಎದುರಿಗಿಟ್ಟು, ಪಕ್ಕದ ಮನೆಯ ಮಕ್ಕಳು ತಮ್ಮ ಅಪ್ಪ-ಅಮ್ಮನಿಗೆ ಬರೆದರೂ ಒಪ್ಪುವ ಸಾಲುಗಳನ್ನೆಲ್ಲ ಹೊಡೆದುಹಾಕಿ. ‘ಕಷ್ಟಪಟ್ಟು ನಮ್ಮನ್ನು ಓದಿಸಿದಿರಿ’ ಎಂಬ ಸಾಲು ಅಲ್ಲೇ ಹೋಗುತ್ತದೆ. ‘ಅಪ್ಪ ರಾತ್ರಿ ಕೂತು ಬೀಡಿ ಎಲೆ ಕತ್ತರಿಸಿಕೊಡುತ್ತಿದ್ದರು’ ಎಂಬುದು ಉಳಿಯುತ್ತದೆ. ಉಳಿದದ್ದರಲ್ಲಿ ಒಂದನ್ನು ವಿಸ್ತಾರವಾಗಿ ಬರೆಯಿರಿ, ಎರಡನ್ನು ಒಂದೊಂದು ವಾಕ್ಯದಲ್ಲಿ ಮುಗಿಸಿ. ಒಂಬತ್ತನ್ನೂ ತುರುಕಿದರೆ ವರದಿಯಾಗುತ್ತದೆ.

ಇನ್ನು ನೀನು-ನೀವು. ಒಂದೇ ಪತ್ರದಲ್ಲಿ ಎರಡೂ ಇರಲಿ, ಅಪ್ಪನ ಜೊತೆ ಸರಿಸಮ ಮಾಡಲಿಕ್ಕೆಂದು ಅಮ್ಮನನ್ನು ‘ನೀವು’ ಮಾಡಬೇಡಿ. ಜೀವನವಿಡೀ ‘ನೀನು’ ಎಂದ ಮಕ್ಕಳು ಕಾಗದದಲ್ಲಿ ‘ನೀವು’ ಎಂದರೆ ಸಭೆಯಲ್ಲಿ ಓದುವ ಸನ್ಮಾನ ಪತ್ರದ ಹಾಗೆ ಕೇಳುತ್ತದೆ, ಅಮ್ಮನಿಗೆ ಅದು ತನಗೆ ಬರೆದದ್ದು ಅನ್ನಿಸುವುದಿಲ್ಲ. ಇಬ್ಬರಿಗೂ ಸೇರಿ ಹೇಳುವಾಗ ‘ನೀವಿಬ್ಬರೂ’ ಸಹಜವಾಗಿಯೇ ಬರುತ್ತದೆ. ಒಬ್ಬೊಬ್ಬರಿಗೆ ಹೇಳುವಾಗ ‘ಅಮ್ಮಾ, ನೀನು’ ಎಂದು ಒಂದು ವಾಕ್ಯ, ‘ಅಪ್ಪಾ, ನೀವು’ ಎಂದು ಇನ್ನೊಂದು. ತೊಡಕಾಗುವುದು ಇಬ್ಬರೂ ಇರುವ ಆ ನೋಟವನ್ನು ಬರೆಯುವಾಗ. ‘ಅಮ್ಮ ಎದ್ದಳು, ಅಪ್ಪ ಬಂದರು’ ಎಂದು ಸಾಲುಸಾಲಾಗಿ ಬಂದರೆ ಏಕವಚನ-ಬಹುವಚನದ ವ್ಯತ್ಯಾಸ ಕಿವಿಗೆ ಹೊಡೆಯುತ್ತದೆ. ಅಲ್ಲಿ ‘ಉಣ್ಣುತ್ತಿರಲಿಲ್ಲ’, ‘ಹೇಳುವುದು’, ‘ನಗುವುದು’ ಎಂಬಂಥ ರೂಪಗಳನ್ನು ಹಿಡಿದರೆ ಆ ಪ್ರಶ್ನೆಯೇ ಏಳದು, ಇಬ್ಬರಿಗೂ ಒಂದೇ ಕ್ರಿಯಾಪದ ಸಲ್ಲುತ್ತದೆ.

ನೀವು ಕೊಟ್ಟ ವಿವರದಿಂದ ಒಂದು ಮಾದರಿ ಬರೆದಿದ್ದೇನೆ. ಎಲೆ, ಛತ್ರಿ, ಮಲ್ಪೆ ನನ್ನ ಊಹೆ. ಆ ಜಾಗದಲ್ಲಿ ನಿಮ್ಮ ಮನೆಯಲ್ಲಿ ನಿಜವಾಗಿ ನಡೆದದ್ದನ್ನೇ ಹಾಕಬೇಕು.

“ಅಪ್ಪಾ, ಅಮ್ಮಾ,

ರಾತ್ರಿ ಕೊನೆಯ ಟ್ರಿಪ್ ಮುಗಿಸಿ ಅಪ್ಪ ಬರುವವರೆಗೂ ಅಮ್ಮ ಉಣ್ಣುತ್ತಿರಲಿಲ್ಲ. ಉಂಡ ಮೇಲೆ ಅಪ್ಪ ಮಲಗುತ್ತಿರಲಿಲ್ಲ. ಕತ್ತರಿ ಹಿಡಿದು ಅಮ್ಮನ ಎದುರು ಕೂತು ಮರುದಿನದ ಬೀಡಿಗೆ ಎಲೆ ಕತ್ತರಿಸಿಕೊಡುವುದು, ಬಸ್ಸಿನಲ್ಲಿ ಚಿಲ್ಲರೆಗಾಗಿ ಜಗಳವಾಡಿದವರ ಕತೆ ಹೇಳುವುದು. ಮಕ್ಕಳು ಏಳುತ್ತಾರೆಂದು ಅಮ್ಮ ಬಾಯಿಗೆ ಸೆರಗು ಹಿಡಿದು ನಗುವುದು. ನಾವು ಮೂವರೂ ಎಚ್ಚರವಾಗಿಯೇ ಇರುತ್ತಿದ್ದೆವು, ಇವತ್ತು ಹೇಳುತ್ತಿದ್ದೇವೆ.

ಅಮ್ಮಾ, ಬೀಡಿಯ ಬೋನಸ್ ದುಡ್ಡಿನಲ್ಲಿ ನಮಗೆ ಮೂರು ಛತ್ರಿ ಬಂತು, ನಿನ್ನ ಸೀರೆ ಮುಂದಿನ ವರ್ಷಕ್ಕೆ ಹೋಯಿತು. ಅಪ್ಪಾ, ವಾರವಿಡೀ ಬಸ್ಸಿನಲ್ಲಿ ನಿಂತವರು ನೀವು, ರಜೆಯ ದಿನ ಮಲ್ಪೆಗೆ ಹೋಗುವಾಗಲೂ ಸೀಟು ನಮಗೆ ಬಿಟ್ಟು ನಿಂತೇ ಬಂದಿರಿ.

ನಿಮ್ಮಿಬ್ಬರ ಮದುವೆಗೆ ಇವತ್ತಿಗೆ 35 ವರ್ಷ. ಭಾನುವಾರ ಮೂವರೂ ಮನೆಗೆ ಬರುತ್ತೇವೆ, ಅಡುಗೆ ನಮ್ಮದು. ನೀವಿಬ್ಬರೂ ಜಗಲಿಯಲ್ಲಿ ಕೂತು ಮಾತಾಡಿ. ನಮಗೆ ಆಶೀರ್ವಾದ ಮಾಡಿ.”

ಕೆಳಗೆ ಮೂವರ ಹೆಸರು, ಮನೆಯಲ್ಲಿ ಕರೆಯುವ ಹೆಸರೇ ಇರಲಿ. ಇಷ್ಟೇ ಉದ್ದ ಸಾಕು. ವಾಟ್ಸಾಪಿನಲ್ಲಿ ಕಳುಹಿಸುವುದಾದರೆ ಉದ್ದದ ಸಂದೇಶ ಅರ್ಧಕ್ಕೆ ಮಡಚಿಕೊಂಡು, ಮುಂದಿನದನ್ನು ಓದಲು ಒತ್ತಬೇಕಾಗುತ್ತದೆ. ಅದು ಗೊತ್ತಿಲ್ಲದ ಹಿರಿಯರು ಅಲ್ಲಿಗೇ ಮುಗಿಯಿತೆಂದು ಬಿಟ್ಟುಬಿಡುವುದುಂಟು. ಆದ್ದರಿಂದ ಆ ನೋಟ ಮೊದಲ ಪ್ಯಾರಾದಲ್ಲೇ ಬರಲಿ, ‘ಹಾರ್ದಿಕ ಶುಭಾಶಯಗಳು’ ಎಂದು ಶುರುಮಾಡಬೇಡಿ.

ಮಾದರಿಯಲ್ಲಿ ‘ನೂರು ಕಾಲ ಬಾಳಿ’ ಎಂದು ಬರೆಯಲಿಲ್ಲ. ಅದು ಹಿರಿಯರು ಕಿರಿಯರಿಗೆ ಹರಸುವ ಮಾತು, ಮಕ್ಕಳ ಬಾಯಲ್ಲಿ ಬಂದರೆ ನಮ್ಮ ಕಡೆ ಅಜ್ಜಿಯಂದಿರು ತಟ್ಟನೆ ಗುರುತಿಸುತ್ತಾರೆ. ಮಕ್ಕಳು ಕೇಳುವುದು ಆಶೀರ್ವಾದ. ‘ನಿಮ್ಮ ಋಣ ತೀರಿಸಲಾಗದು’ ಎಂಬುದನ್ನೂ ಬಿಟ್ಟಿದ್ದೇನೆ. ಆ ಮಾತಿಗೆ ಅವರು ಉತ್ತರ ಕೊಡಲಾರರು, ‘ಭಾನುವಾರ ಬರುತ್ತೇವೆ’ ಎಂದರೆ ‘ಎಷ್ಟು ಗಂಟೆಗೆ’ ಎಂದಾದರೂ ಕೇಳುತ್ತಾರೆ. ಬರಲಾಗದಿದ್ದರೆ ಮಾತ್ರ ಆ ಸಾಲು ಹಾಕಬೇಡಿ. ಕೊಲ್ಲಿಯಲ್ಲಿರುವವರು ಯಾರಾದರೂ ಇದ್ದರೆ ಯಾವ ತಿಂಗಳು ರಜೆ ಎಂದು ಬರೆದರೂ ಆಯಿತು.

ಕಳುಹಿಸುವ ಮುಂಚೆ ಅಮ್ಮನ ತಂಗಿಯನ್ನೋ ಅಪ್ಪನ ಅಣ್ಣನನ್ನೋ ಕೇಳಿ ವಿವರ ಸರಿಯಿದೆಯೇ ನೋಡಿ. ಮಕ್ಕಳ ನೆನಪಿನಲ್ಲಿ ಊರು, ವರ್ಷ ಬದಲಾಗಿರುತ್ತವೆ, ಒಂದು ತಪ್ಪು ಕಂಡರೆ ಅಪ್ಪ ಅದನ್ನು ತಿದ್ದುವುದರಲ್ಲೇ ತೊಡಗುತ್ತಾರೆ. ಮದುವೆಯ ವರ್ಷವನ್ನು ಹಳೆಯ ಆಮಂತ್ರಣ ಪತ್ರಿಕೆಯಲ್ಲೇ ನೋಡಿ: 1990ರ ಮೇಯಲ್ಲಿ ಮದುವೆಯಾಗಿದ್ದರೆ 35 ತುಂಬುವುದು 2025ರ ಮೇಯಲ್ಲಿ, ಅವತ್ತಿನಿಂದ 36ನೆಯ ವರ್ಷ ನಡೆಯುತ್ತದೆ. ಈ ಎರಡು ಸಂಖ್ಯೆ ಅದಲುಬದಲಾಗುವುದು ಬಹಳ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಬೀಡಿ ಕಟ್ಟಿದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಅಮ್ಮಂದಿರಿದ್ದಾರೆ, ಸೊಸೆಯ ತವರಿನವರ ಎದುರು ಅದು ಬರುವುದು ಬೇಡವೆನ್ನುವವರೂ ಇದ್ದಾರೆ. ನಿಮ್ಮ ಅಮ್ಮ ಯಾವ ಬಗೆಯವರೆಂದು ನಿಮಗೇ ಗೊತ್ತು. ಅನುಮಾನವಿದ್ದರೆ ಕುಟುಂಬದ ಗ್ರೂಪಿಗೆ ಹಾಕದೆ ಅವರಿಬ್ಬರಿಗೇ ಕಳುಹಿಸಿ. ಸಾಲ, ಆಸ್ಪತ್ರೆ, ಮುನಿಸಿನ ದಿನಗಳು ಗ್ರೂಪಿಗೆ ಯಾವತ್ತೂ ಬೇಡ.

ಚೌಕಟ್ಟು ಹಾಕಿಸುವುದಾದರೆ ಎ4 ಹಾಳೆಯಲ್ಲಿ ಅಕ್ಷರ 16 ಪಾಯಿಂಟಿಗಿಂತ ಸಣ್ಣದು ಬೇಡ, ಕನ್ನಡಕ ಹುಡುಕದೆ ಓದುವಂತಿರಲಿ. ಮೊಬೈಲಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್, ಹಲವು ಪ್ರೆಸ್‌ಗಳಲ್ಲಿ ಈಗಲೂ ಹಳೆಯ ನುಡಿ ಫಾಂಟು ಬಳಸುತ್ತಾರೆ, ಬದಲಾಯಿಸುವಾಗ ಒತ್ತಕ್ಷರ ಚದುರುತ್ತದೆ. ಪ್ರೂಫ್ ತರಿಸಿಕೊಂಡು ‘ವರ್ಷ’, ‘ಟ್ರಿಪ್’, ‘ಆಶೀರ್ವಾದ’ ಎಂಬಂಥ ಪದಗಳನ್ನೂ ಮೂವರ ಹೆಸರನ್ನೂ ಒಂದೊಂದಾಗಿ ನೋಡಿದ ಮೇಲೆಯೇ ಮುದ್ರಣಕ್ಕೆ ಒಪ್ಪಿಗೆ ಕೊಡಿ.