ಒದ್ದೆ ಅಂಗಿಯ ಫೋಟೊ ಯಾವುದಕ್ಕೂ ಸಾಕ್ಷಿಯಲ್ಲ

ಪ್ರಶ್ನೆ: ದಿನಾ ಸುರತ್ಕಲ್‌ನಿಂದ ಮಂಗಳೂರಿಗೆ ಸ್ಕೂಟರಿನಲ್ಲಿ ಹೋಗುತ್ತೇನೆ. ಹೊಸ ರೈನ್‌ಕೋಟ್ ಸೋರುತ್ತಿದೆ. ಒದ್ದೆ ಅಂಗಿಯ ನಾಲ್ಕು ಫೋಟೊ ಹಾಕಿ ವಿಮರ್ಶೆ ಬರೆದರೆ ಮಾರಾಟಗಾರರು ‘ಅದು ನಿಮ್ಮ ಬೆವರು’ ಅಂತಾರೆ. ಏನು ಮಾಡಲಿ?

ಉತ್ತರ: ಹಾಗೆನ್ನಲು ದಾರಿ ಮಾಡಿಕೊಟ್ಟದ್ದು ಆ ಫೋಟೊಗಳೇ. ನಮ್ಮೂರಿನ ಸೆಖೆಗೆ ಗಾಳಿಯಾಡದ ಕೋಟಿನೊಳಗೆ ಬೆವರುವುದೂ ನಿಜವೇ. ಆದ್ದರಿಂದ ಕೋಟನ್ನು ಯಾರೂ ತೊಡದೆ ಪರೀಕ್ಷಿಸಿ. ಆಗ ಬೆವರಿನ ಮಾತೇ ಏಳುವುದಿಲ್ಲ.

ಹ್ಯಾಂಗರಿಗೆ ಒಣಗಿದ ಹಳೆಯ ಅಂಗಿ ಹಾಕಿ. ನೋಟ್‌ಬುಕ್ ಹಾಳೆಯ ನಾಲ್ಕು ತುಂಡುಗಳ ಮೇಲೆ ನೀರಿಗೆ ಹರಡುವ ನೀಲಿ ಸ್ಕೆಚ್ ಪೆನ್ನಿನಿಂದ ದಪ್ಪ ಗೆರೆ ಎಳೆಯಿರಿ. ಎರಡನ್ನು ಭುಜದ ಹೊಲಿಗೆ ಬರುವಲ್ಲಿ, ಒಂದನ್ನು ಝಿಪ್ಪಿನ ಹಿಂದೆ, ಇನ್ನೊಂದನ್ನು ಹೊಲಿಗೆಯೇ ಇಲ್ಲದ ಬೆನ್ನಿನ ನಡುವೆ ಅಂಗಿಗೆ ಪಿನ್ನು ಮಾಡಿ. ಕೋಟಿಗೆ ಮಾತ್ರ ಪಿನ್ನು ಚುಚ್ಚಬೇಡಿ, ತೂತು ಮಾಡಿದ್ದು ನೀವೇ ಎಂದಾಗುತ್ತದೆ. ಕೋಟು ತೊಡಿಸಿ, ಝಿಪ್ ಎಳೆದು, ಕೊರಳಿನ ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿ ಕಟ್ಟಿ. ಇಲ್ಲದಿದ್ದರೆ ನೀರು ಕೊರಳಿನಿಂದ ಇಳಿದು ಪರೀಕ್ಷೆಯೇ ಕೆಡುತ್ತದೆ. ನಂತರ ಅಂಗಳದ ಮಳೆಯಲ್ಲಿ 15 ನಿಮಿಷ ತೂಗುಹಾಕಿ. ಮಾಡಿನಿಂದ ಧಾರೆಯಾಗಿ ಬೀಳುವ ನೀರಿನ ಕೆಳಗೆ ಬೇಡ, ಅದು ಮಳೆಗಿಂತ ಜೋರು.

ವಿಡಿಯೊವನ್ನು ನಡುವೆ ಕತ್ತರಿಸಬಾರದು. ಕೋಟಿನ ಲೇಬಲ್, ಒಣ ಹಾಳೆಗಳು, ಝಿಪ್ ಎಳೆಯುವುದು, ಮಳೆ, ಬಿಚ್ಚಿ ತೋರಿಸುವುದು ಎಲ್ಲವೂ ಒಂದೇ ಓಟದಲ್ಲಿ ಬರಲಿ. ಫೋನನ್ನು ಜಗಲಿಯಲ್ಲಿ ಅಲುಗದಂತೆ ಇಟ್ಟು ಟೈಮ್‌ಲ್ಯಾಪ್ಸ್‌ನಲ್ಲಿ ತೆಗೆಯಿರಿ. 30 ಪಟ್ಟು ವೇಗದಲ್ಲಿ 15 ನಿಮಿಷದ ಮಳೆ 30 ಸೆಕೆಂಡಿಗೆ ಇಳಿಯುತ್ತದೆ. ಲೇಬಲ್, ಹಾಳೆಗಳನ್ನು ಮಾತ್ರ ಫೋನಿನ ಮುಂದೆ ಒಂದೊಂದು ನಿಮಿಷ ಹಿಡಿಯಿರಿ, ಇಲ್ಲದಿದ್ದರೆ ಆ ವೇಗದಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಪಕ್ಕದಲ್ಲೊಂದು ಗಡಿಯಾರ ಕಾಣುತ್ತಿರಲಿ.

ಭುಜದ ಹಾಳೆಗಳಲ್ಲಿ ಶಾಯಿ ಹರಡಿ, ಬೆನ್ನಿನದು ಹಾಗೇ ಉಳಿದರೆ ಸೋರುವುದು ಹೊಲಿಗೆ. ನಾಲ್ಕೂ ಹರಡಿದರೆ ಬಟ್ಟೆಯೇ ನೀರು ಬಿಡುತ್ತಿದೆ. ಆ ಬೆನ್ನಿನ ಹಾಳೆ ಇಲ್ಲದಿದ್ದರೆ ಈ ವ್ಯತ್ಯಾಸ ಹೇಳಲು ಬರುವುದಿಲ್ಲ.

ಹೊಲಿಗೆಯೇ ಕಾರಣವಾದರೆ ಎರಡು ಫೋಟೊ ಸಾಕು. ಮೊದಲನೆಯದರಲ್ಲಿ ಇಡೀ ಭುಜ ಕಾಣಲಿ. ಎರಡನೆಯದು ಒಳಬದಿಯಲ್ಲಿ ಹೊಲಿಗೆ ಮುಚ್ಚಲು ಅಂಟಿಸಿದ ಟೇಪ್ ಎದ್ದ ಜಾಗದ್ದು, ಪಕ್ಕದಲ್ಲಿ ಸ್ಕೇಲ್ ಇಟ್ಟು, ಬೆಳಕು ಓರೆಯಾಗಿ ಬೀಳುವಂತೆ ತೆಗೆದದ್ದು. ಎದುರಿನಿಂದ ಫ್ಲಾಶ್ ಹೊಡೆದರೆ ನೆರಳು ಅಳಿದು, ಎದ್ದ ಟೇಪ್ ಅಂಟಿಕೊಂಡಂತೆಯೇ ಕಾಣುತ್ತದೆ. ಕೋಟನ್ನು ಬಿಸಿನೀರಲ್ಲಿ ಒಗೆದಿದ್ದರೆ, ಇಸ್ತ್ರಿ ಮಾಡಿದ್ದರೆ ಅದನ್ನೂ ಬರೆಯಿರಿ. ಬಿಸಿ ತಾಗಿ ಅಂಟು ಬಿಟ್ಟದ್ದನ್ನು ತಯಾರಕರ ತಲೆಗೆ ಕಟ್ಟುವುದು ಅನ್ಯಾಯ.

ಬಟ್ಟೆಯ ಮೇಲೆ ಲೋಟ ನೀರು ಸುರಿದು, ಹನಿ ಉರುಳುವುದನ್ನು ತೋರಿಸಿ ‘ವಾಟರ್‌ಪ್ರೂಫ್’ ಎಂದು ಸಾರುವವರನ್ನು ನಂಬಬೇಡಿ. ಹನಿ ಉರುಳುವುದು ಮೇಲಿನ ಲೇಪದಿಂದ. ಹೊಲಿಗೆಯ ಸೂಜಿತೂತುಗಳ ಬಗ್ಗೆ ಅದು ಏನೂ ಹೇಳದು. ದುಡ್ಡು ತೆಗೆದುಕೊಂಡು ಇಂಥದ್ದನ್ನು ಹಾಕುವವರಿಂದ ನೆನೆಯುವುದು ನಿಮ್ಮಂಥ ಸ್ಕೂಟರ್ ಸವಾರರು.

ಪ್ರಶ್ನೆ: ಮಿಕ್ಸಿಯ ಶಬ್ದ ವಿಡಿಯೊದಲ್ಲಿ ತೋರಿಸಬಹುದೇ?

ಉತ್ತರ: ಒಂದರದ್ದೇ ತೆಗೆದರೆ ಪ್ರಯೋಜನವಿಲ್ಲ, ಫೋನು ಶಬ್ದವನ್ನು ತಾನೇ ಏರಿಸಿ ಇಳಿಸುತ್ತದೆ, ಹಳೆಯ ಮಿಕ್ಸಿಯನ್ನೂ ಅದೇ ದೂರದಲ್ಲಿಟ್ಟು ಒಂದೇ ವಿಡಿಯೊದಲ್ಲಿ ಒಂದಾದ ಮೇಲೊಂದು ಓಡಿಸಿ.

ಪ್ರಶ್ನೆ: ಪೆಟ್ಟಿಗೆ ಬಿಚ್ಚುವ ವಿಡಿಯೊ ಹಾಕಲೇಬೇಕೇ?

ಉತ್ತರ: ಒಡೆದದ್ದು ಬಂದಿದ್ದರೆ ಹಾಕಿ, ಇಲ್ಲದಿದ್ದರೆ ಬೇಡ.