ಇಂಟ್ರೊಗೆ ಕೊಡುವ ದುಡ್ಡು ಉಳಿಸಿ, ಪಂಜು ಆರಿಸಿ ತೋರಿಸಿ

"ಸ್ಟೀಮ್‌ನಲ್ಲಿ ನನ್ನ ಮೊದಲ ಗೇಮ್ ಪೇಜ್ ಹಾಕ್ತಿದ್ದೀನಿ. ಟ್ರೈಲರ್‌ಗೆ ಸಿನಿಮಾ ಥರ ಇಂಟ್ರೊ ಮಾಡಿಸೋಕೆ 25 ಸಾವಿರ ಕೊಡಬಹುದಾ?"

ಬೇಡ. ನಾನು ಕೊಟ್ಟು ಕೆಟ್ಟವನು.

ನಮ್ಮದು ಚಿತ್ರದುರ್ಗ. ಏಳು ಸುತ್ತಿನ ಕೋಟೆಯಂಥದ್ದೇ ಒಂದು ಕೋಟೆಯೊಳಗೆ ರಾತ್ರಿ ನುಗ್ಗುವ ಆಟ ಮಾಡಿದ್ದೆ. ಪಂಜು ಆರಿಸಿದರೆ ಕಾವಲುಗಾರನಿಗೆ ಕಣ್ಣು ಕಾಣುವುದಿಲ್ಲ, ಆ ಕತ್ತಲಲ್ಲಿ ಅವನ ಪಕ್ಕದಲ್ಲೇ ನುಸುಳಬೇಕು. ಆಟ ಅಂದರೆ ಇಷ್ಟೇ.

ಟ್ರೈಲರ್‌ನಲ್ಲಿ ಇದು ಬಂದಿದ್ದು 26ನೇ ಸೆಕೆಂಡಿಗೆ! ಮೊದಲು ನನ್ನ ಲೋಗೊ, ಆಮೇಲೆ ಕಪ್ಪು ಪರದೆ, ಬಂಡೆಗಳ ಹಿಂದೆ ಸೂರ್ಯ ಮುಳುಗುವ ದೃಶ್ಯ, ಅದರ ಮೇಲೆ ಒಂದೊಂದೇ ಸಾಲಾಗಿ ಮೂಡುವ ಕಥೆ, ಹಿಂದೆ ನಗಾರಿ ಸದ್ದು. ನೋಡಿದಾಗಲೆಲ್ಲ ನನಗೇ ಮೈ ಜುಮ್ ಅನ್ನುತ್ತಿತ್ತು. ದಾವಣಗೆರೆಗೆ ಹೋದಾಗ ಬೆಣ್ಣೆದೋಸೆ ಹೋಟೆಲಲ್ಲಿ ಮಾವನ ಮಗನ ಕೈಗೆ ಫೋನ್ ಕೊಟ್ಟೆ. ಸೌಂಡ್ ಆಫ್ ಇತ್ತು. ಲೋಗೊ ನೋಡಿದ, ಸೂರ್ಯನನ್ನು ನೋಡಿದ, ಎಂಟನೇ ಸೆಕೆಂಡಿಗೆ ಬೆರಳಿಂದ ವಿಡಿಯೊ ಮುಂದಕ್ಕೆ ತಳ್ಳಿದ. ನಿಂತಿದ್ದು ಇನ್ನೊಂದು ಕಥೆಯ ಸಾಲಿನ ಮೇಲೆ. "ಸಿನಿಮಾನಾ ಅಣ್ಣಾ ಇದು?" ಅಂದ.

ನನ್ನ ತಪ್ಪು ಇಂಟ್ರೊ ಉದ್ದ ಆಗಿದ್ದಲ್ಲ. ಚೆನ್ನಾಗಿತ್ತು, ನಿಜವಾಗಲೂ. ಆದರೆ ಪೇಜಿಗೆ ಬಂದವನಿಗೆ ನನ್ನ ಕಥೆಯ ಮೇಲೆ ಇನ್ನೂ ಯಾವ ಆಸೆಯೂ ಹುಟ್ಟಿರಲಿಲ್ಲ. ಅವನಿಗೆ ಬೇಕಿದ್ದದ್ದು ಒಂದೇ ಉತ್ತರ: ಇದರಲ್ಲಿ ನಾನು ಏನು ಮಾಡ್ತೀನಿ? ಅದನ್ನು ನಾನು ಕೊನೆಗೆ ಬಚ್ಚಿಟ್ಟಿದ್ದೆ, ಊಟಕ್ಕೆ ಕರೆದು ಅರ್ಧ ಗಂಟೆ ಎಲೆ ತೊಳೆಸಿದ ಹಾಗೆ.

ಆಮೇಲೆ ನಾನೇ ಕೂತು ಹೊಸದು ಕಟ್ಟಿದೆ. OBS ಹಾಕಿ ಸುಮಾರು ಎರಡು ಗಂಟೆ ಆಡಿ ರೆಕಾರ್ಡ್ ಮಾಡಿದೆ. ಮೊದಲ ಫ್ರೇಮಿನಲ್ಲೇ ಪಂಜು ಉರಿಯುತ್ತಿದೆ, ಕಾವಲುಗಾರ ಈ ಕಡೆಗೇ ಬರುತ್ತಿದ್ದಾನೆ. ಒಂದೂವರೆ ಸೆಕೆಂಡಿಗೆ ಪಂಜು ಆರುತ್ತದೆ. ಮೂರನೇ ಸೆಕೆಂಡಿಗೆ ಅವನು ಕತ್ತಲಲ್ಲಿ ತಡವರಿಸುತ್ತಾನೆ, ನಾವು ಪಕ್ಕದಲ್ಲೇ ದಾಟುತ್ತೇವೆ. ಆಡುವಾಗ ಕ್ಯಾಮೆರಾ ಎಲ್ಲಿರುತ್ತದೋ ಅಲ್ಲೇ ಬಿಟ್ಟೆ, ಪರದೆ ಮೇಲಿನ ಗುರುತುಗಳನ್ನೂ ಅಳಿಸಲಿಲ್ಲ. ಅವೆಲ್ಲ ತೆಗೆದು ಕ್ಯಾಮೆರಾ ತೇಲಿಸಿದರೆ ನಿಜವಾದ ಆಟವೂ ಇಂಟ್ರೊ ಥರ ಕಾಣುತ್ತದೆ, ಇದರಲ್ಲಿ ಸುಮಾರು ಜನ ಎಡವುತ್ತಾರೆ. ಆಮೇಲೆ ಇದೇ ಉಪಾಯ ಕೆಡುವ ಒಂದು ದೃಶ್ಯ: ಪಂಜು ಆರಿಸಿದ್ದನ್ನು ಇನ್ನೊಬ್ಬ ಕಾವಲುಗಾರ ನೋಡಿಬಿಡುತ್ತಾನೆ. ಒಟ್ಟು 50 ಸೆಕೆಂಡು. ಲೋಗೊ ಕಟ್ಟಕಡೆಗೆ, ಗೇಮ್ ಹೆಸರಿನ ಜೊತೆ.

ಪೇಜಿನಲ್ಲೂ ಅದೇ ರೋಗ ಇತ್ತು. ಸ್ಕ್ರೀನ್‌ಶಾಟ್‌ಗಳಲ್ಲಿ ಮೊದಲನೆಯದು ನಾನು ಬರೆಸಿದ ಪೋಸ್ಟರ್ ಚಿತ್ರ. ಆ ಜಾಗದಲ್ಲಿ ಆಟದ್ದೇ ಚಿತ್ರ ಇರಬೇಕು ಅಂತ ಸ್ಟೀಮ್ ನಿಯಮವೇ ಇದೆ. ಕಿರು ವಿವರಣೆ "ಸಾವಿರ ವರ್ಷಗಳ ಹಿಂದೆ" ಅಂತ ಶುರುವಾಗುತ್ತಿತ್ತು. ಈಗ "ಪಂಜು ಆರಿಸಿ, ಕತ್ತಲಲ್ಲಿ ಕೋಟೆ ದಾಟಿ" ಅಂತಿದೆ.

ನಿಮ್ಮದನ್ನು ಹಾಕುವ ಮೊದಲು ಗೇಮ್ ಗೊತ್ತಿಲ್ಲದ ಒಬ್ಬರಿಗೆ ಸೌಂಡ್ ಇಲ್ಲದೆ ಐದೇ ಸೆಕೆಂಡು ತೋರಿಸಿ ಫೋನ್ ಕಿತ್ಕೊಳ್ಳಿ. ಏನು ಮಾಡೋ ಆಟ ಅಂತ ಕೇಳಿ. "ಗ್ರಾಫಿಕ್ಸ್ ಚೆನ್ನಾಗಿದೆ" ಅಂದರೆ ಮತ್ತೆ ಕತ್ತರಿಸಿ. ನನ್ನ ಹೊಸದನ್ನು ಅದೇ ಹುಡುಗನಿಗೆ ತೋರಿಸಿದೆ. "ದೀಪ ಆರಿಸ್ಕೊಂಡು ಕಳ್ಳನ ಥರ ಹೋಗೋದು, ಅಲ್ವಾ?" ಅಂದ.